ಗಡ್ಡಿ ಎಷ್ಟು ದೊಡ್ಡದು ಅನ್ನೋದು ಆಮ್ಯಾಲ, ಮೊದಲು ಎಲ್ಲೈತಿ ಕೇಳ್ರಿ

ಗರ್ಭಚೀಲದಲ್ಲಿ ಗಡ್ಡೆ ಇದೆ ಅನ್ನೋ ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದ ಕೂಡಲೇ ನಮ್ಮ ಕಡೆ ಮನೆಮಂದಿಯೆಲ್ಲ ಹುಡುಕೋದು ಸೆಂಟಿಮೀಟರ್. "ಐದೂವರಿ ಐತಂತ, ಚೀಲಾನ ತಗಸಬೇಕಂತ" ಅನ್ನೋ ಮಾತು ಸಂಜೆಯೊಳಗೆ ಹುಬ್ಬಳ್ಳಿಯಿಂದ ಹಾವೇರಿಯ ತವರಿಗೂ ಮುಟ್ಟಿರುತ್ತದೆ. ಆದರೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದೆ ಅನ್ನೋದೇ ತಕರಾರಾಗಿದ್ದರೆ, ಗಡ್ಡೆಯ ಅಳತೆಗಿಂತ ಅದು ಕೂತ ಜಾಗ ಹೆಚ್ಚು ಹೇಳುತ್ತದೆ. ಎರಡು ಸೆಂಟಿಮೀಟರಿನ ಗಡ್ಡೆ ಹೆಣ್ಣುಮಗಳನ್ನು ಬಿಳಿಚಿಸಿ ಹಾಸಿಗೆ ಹಿಡಿಸಬಹುದು. ಎಂಟು ಸೆಂಟಿಮೀಟರಿನದು ಒಂದು ಹನಿಯೂ ಹೆಚ್ಚಿಸದೆ ಸುಮ್ಮನೆ ಕೂತಿರಬಹುದು.

ಗರ್ಭಚೀಲದ ಗೋಡೆ ಬಹುಪಾಲು ಸ್ನಾಯು. ಅದರ ಒಳಮೈಗೆ ತೆಳ್ಳನೆಯ ಒಂದು ಪದರ ಇರುತ್ತದೆ, ತಿಂಗಳಿಗೊಮ್ಮೆ ಉದುರಿ ಹೋಗೋದು ಅದೇ. ಈ ಗಡ್ಡೆ, ಅಂದರೆ ಫೈಬ್ರಾಯ್ಡ್, ಆ ಸ್ನಾಯುವಿನದೇ ಗಂಟು, ಕ್ಯಾನ್ಸರ್ ಅಲ್ಲ. ಗಂಟು ಹೊರಮೈಗೆ ಬೆಳೆದರೆ ಸಬ್‌ಸೀರೋಸಲ್, ಗೋಡೆಯೊಳಗೇ ಇದ್ದರೆ ಇಂಟ್ರಾಮ್ಯೂರಲ್, ಒಳಪದರದ ಕೆಳಗಿದ್ದು ಚೀಲದ ಟೊಳ್ಳಿನೊಳಗೆ ಉಬ್ಬಿದರೆ ಸಬ್‌ಮ್ಯೂಕಸ್. ರಕ್ತದ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡೋದು ಈ ಮೂರನೆಯದು.

ಯಾಕೆ ಅಂದರೆ, ಮುಟ್ಟಿನ ರಕ್ತ ನಿಲ್ಲೋದರಲ್ಲಿ ಸ್ನಾಯು ಬಿಗಿಯಾಗಿ ರಕ್ತನಾಳಗಳನ್ನು ಹಿಂಡೋದು ಒಂದು ಮುಖ್ಯ ಕೆಲಸ. ನಡುವೆ ಗಂಟು ಕೂತರೆ ಹಿಡಿತ ಸಮನಾಗಿ ಬೀಳೋದಿಲ್ಲ. ಗಂಟಿನ ಒತ್ತಡಕ್ಕೆ ಸುತ್ತಲಿನ ಸಣ್ಣ ರಕ್ತನಾಳಗಳು ಉಬ್ಬಿಕೊಂಡಿರುತ್ತವೆ. ಟೊಳ್ಳು ಹಿಗ್ಗಿದಷ್ಟೂ ಉದುರುವ ಪದರದ ವಿಸ್ತಾರವೂ ಹೆಚ್ಚುತ್ತದೆ. ಹೊರಮೈಗೆ ಜೋತುಬಿದ್ದ ಗಡ್ಡೆಗೆ ಇದ್ಯಾವುದರ ಸಂಬಂಧವೂ ಇಲ್ಲ. ದೊಡ್ಡದಾದರೆ ಅದು ಮೂತ್ರಚೀಲವನ್ನೋ ಮಲದ ದಾರಿಯನ್ನೋ ಒತ್ತುತ್ತದೆ. ಪದೇ ಪದೇ ಮೂತ್ರಕ್ಕೆ ಏಳುವುದು, ಮಲಬದ್ಧತೆ, ಕೆಳಹೊಟ್ಟೆ ಭಾರ ಅದರ ಲಕ್ಷಣ.

ಫೈಬ್ರಾಯ್ಡಿನ ರಕ್ತಸ್ರಾವಕ್ಕೆ ಒಂದು ನಮೂನೆ ಇದೆ. ತಾರೀಕು ಸಾಮಾನ್ಯವಾಗಿ ತಪ್ಪೋದಿಲ್ಲ, ಇಪ್ಪತ್ತೆಂಟು ಮೂವತ್ತು ದಿನಕ್ಕೆ ಸರಿಯಾಗಿ ಬರುತ್ತದೆ. ಬದಲಾಗೋದು ಪ್ರಮಾಣ ಮತ್ತು ದಿನ. ನಾಲ್ಕು ದಿನ ಇದ್ದದ್ದು ಏಳೆಂಟಾಗುತ್ತದೆ, ಎರಡನೇ ಮೂರನೇ ದಿನ ಪ್ಯಾಡ್ ದಾಟಿ ಸೀರೆಗೆ ಬರುತ್ತದೆ, ರಾತ್ರಿ ಎದ್ದು ಬದಲಿಸಬೇಕಾಗುತ್ತದೆ, ಹೆಪ್ಪುಗಟ್ಟಿದ ತುಂಡು ಬೀಳುತ್ತವೆ. ಬೀಳೋದು ಗಡ್ಡೆಯ ಚೂರೇ ಅಂತ ಎಷ್ಟೋ ಮಂದಿ ತಿಳಿದಿದ್ದಾರೆ, ಗಡ್ಡೆ ಕರಗಿ ಹೋಗಲಿಕ್ಕೆ ಹತ್ತಿತು ಅಂತ ಖುಷಿಪಡುವವರೂ ಇದ್ದಾರೆ. ಅದು ಬರೀ ರಕ್ತ. ಮುಟ್ಟಿನ ರಕ್ತ ತಿಳಿಯಾಗಿ ಹರಿಯುವಂತೆ ದೇಹವೇ ನೋಡಿಕೊಳ್ಳುತ್ತದೆ, ಅದಕ್ಕೂ ಮೀರಿ ವೇಗವಾಗಿ ಹೋದಾಗ ಹೆಪ್ಪಾಗುತ್ತದೆ.

ನಮೂನೆ ಹೀಗಿಲ್ಲದಿದ್ದರೆ ಗಡ್ಡೆಯ ಮೇಲೆ ತಪ್ಪು ಹೊರಿಸೋ ಮುಂಚೆ ಬೇರೆ ಕಡೆ ನೋಡಬೇಕು. ಎರಡು ತಿಂಗಳು ಬಾರದೆ ಆಮೇಲೆ ಇಪ್ಪತ್ತು ದಿನ ಹೋದರೆ ಅಂಡ ಸರಿಯಾಗಿ ಬಿಡುಗಡೆಯಾಗುತ್ತಿಲ್ಲ ಅಂತ ಅರ್ಥ ಇರಬಹುದು. ಥೈರಾಯ್ಡ್, ಪಿಸಿಓಎಸ್, ಮುಟ್ಟು ನಿಲ್ಲೋ ಮುಂಚಿನ ಏರುಪೇರು ಎಲ್ಲ ಇಲ್ಲಿ ಬರುತ್ತವೆ. ಮುಟ್ಟು ಮುಗಿದ ಮೇಲೆ ನಡುನಡುವೆ ಕಲೆ ಕಂಡರೆ ಪಾಲಿಪ್, ಅಂದರೆ ಒಳಪದರದಿಂದ ಬೆಳೆದ ಮೆತ್ತನೆಯ ಕುಡಿ, ಇದೆಯೇ ನೋಡಬೇಕು. ಸಂಭೋಗದ ನಂತರ ರಕ್ತ ಕಂಡರೆ ಗರ್ಭಕಂಠದ ತಪಾಸಣೆ ಬೇಕೇ ಬೇಕು. ತಡವಾಗಿ ಶುರುವಾದ ಸ್ರಾವಕ್ಕೆ ಮೊದಲು ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್, ವಯಸ್ಸು ನಲವತ್ತಮೂರಾದರೂ ಸರಿ. ನಲವತ್ತೈದು ದಾಟಿದವರಲ್ಲಿ ಸ್ರಾವ ಹೀಗೆ ಬದಲಾದರೆ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸೋದು ರೂಢಿ. ಸ್ಕ್ಯಾನಿನಲ್ಲಿ ಗಡ್ಡೆ ಸಿಕ್ಕಿತು ಅಂತ ಅದನ್ನು ಕೈಬಿಡಬಾರದು. ಈ ವಯಸ್ಸಿನಲ್ಲಿ ಗಡ್ಡೆ ಅಷ್ಟು ಸಾಮಾನ್ಯ, ರಕ್ತಕ್ಕೆ ಬೇರೆಯದೇ ಕಾರಣ ಇದ್ದು ಗಡ್ಡೆಯೂ ಪಕ್ಕದಲ್ಲಿ ಇರಬಹುದು.

"ಭಾಳ ಹೋಗತೈತ್ರಿ" ಅಂದರೆ ಎಷ್ಟು? ಇಲ್ಲೇ ಎಲ್ಲ ಕೆಡೋದು. ಸ್ರಾವ ವರ್ಷಗಟ್ಟಲೆ ಮೆಲ್ಲಗೆ ಏರಿರುತ್ತದೆ, ಹಾಗಾಗಿ "ನಂದು ಮೊದಲಿಂದನೂ ಹಿಂಗ" ಅನ್ನೋದೇ ಉತ್ತರ. ಅವ್ವನಿಗೂ ಅಕ್ಕನಿಗೂ ಹಾಗೇ ಇದ್ದರಂತೂ ಮುಗಿದೇ ಹೋಯಿತು. ಪ್ಯಾಡ್ ನೋಡಿ ಅಂಕ ಹಾಕುವ ಒಂದು ಪದ್ಧತಿ 1990ರಿಂದ ಬಳಕೆಯಲ್ಲಿದೆ, ಅದನ್ನು ಮನೆಯಲ್ಲೇ ಮಾಡಬಹುದು. ತುಸು ಕಲೆಯಾದ ಪ್ಯಾಡಿಗೆ 1, ಅರೆಬರೆ ತೊಯ್ದದ್ದಕ್ಕೆ 5, ಪೂರ್ತಿ ತೊಯ್ದದ್ದಕ್ಕೆ 20. ಹೆಪ್ಪು ಒಂದು ರೂಪಾಯಿ ನಾಣ್ಯದಷ್ಟಿದ್ದರೆ 1, ಹತ್ತು ರೂಪಾಯಿ ನಾಣ್ಯದಷ್ಟಿದ್ದರೆ 5. ಮುಟ್ಟು ಮುಗಿದ ಮೇಲೆ ಕೂಡಿಸಿದಾಗ 100 ದಾಟಿದರೆ, 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋಗಿದೆ ಅಂತ ಹಿಡಿಯುತ್ತಾರೆ. ಅದು ಅತಿಸ್ರಾವ.

ಗದಗ ತಾಲೂಕಿನ ನಲವತ್ತೊಂದರ ಒಬ್ಬಾಕಿ ಅಂತ ಇಟ್ಟುಕೊಂಡು ಲೆಕ್ಕ ಹಾಕೋಣ. ಮೊದಲ ದಿನ ಎರಡು ಕಲೆಯ ಪ್ಯಾಡ್, ಎರಡು ಅರೆಬರೆ: 12. ಎರಡನೇ ದಿನ ಪೂರ್ತಿ ತೊಯ್ದದ್ದು ನಾಲ್ಕು, ಅರೆಬರೆ ಎರಡು, ದೊಡ್ಡ ಹೆಪ್ಪು ಎರಡು: 100. ಆ ಒಂದೇ ದಿನ ಮಿತಿ ಮುಟ್ಟಿತು ನೋಡ್ರಿ. ಮೂರನೇ ದಿನ ಪೂರ್ತಿ ನಾಲ್ಕು, ಅರೆಬರೆ ಒಂದು, ದೊಡ್ಡ ಹೆಪ್ಪು ಒಂದು: 90. ನಾಲ್ಕನೇ ದಿನ ಪೂರ್ತಿ ಒಂದು, ಅರೆಬರೆ ಮೂರು: 35. ಐದರಿಂದ ಎಂಟನೇ ದಿನದವರೆಗೆ ಚಿಲ್ಲರೆ ಎಲ್ಲ ಸೇರಿ 29. ಒಟ್ಟು 266. ಇದನ್ನು ಒಂದು ಚೀಟಿಯಲ್ಲಿ ಬರೆದು ಡಾಕ್ಟರ್ ಮುಂದೆ ಇಟ್ಟರೆ ಹತ್ತು ನಿಮಿಷದ ಸಂಕೋಚದ ಮಾತು ತಪ್ಪುತ್ತದೆ. ಪ್ಯಾಡಿನ ಬದಲು ಬಟ್ಟೆ ಬಳಸುವವರಿಗೆ ಈ ಅಂಕ ಹೊಂದೋದಿಲ್ಲ. ಅವರು ಎಷ್ಟು ತಾಸಿಗೊಮ್ಮೆ ಬದಲಿಸಿದರು, ರಾತ್ರಿ ಎಷ್ಟು ಸಲ ಎದ್ದರು ಅಂತ ಬರೆದಿಟ್ಟರೆ ಸಾಕು. ದೊಡ್ಡ ಎಕ್ಸೆಲ್ ಪ್ಯಾಡ್ ಹೆಚ್ಚು ಹೀರುವುದರಿಂದ ಅಂಕ ನಿಜಕ್ಕಿಂತ ಕಡಿಮೆ ಬರಬಹುದು.

ಈಗ ಆಕೆಯ ರಿಪೋರ್ಟ್. ಮೇಲ್ಭಾಗದಲ್ಲಿ 5.5 ಸೆಂಟಿಮೀಟರಿನ ಸಬ್‌ಸೀರೋಸಲ್ ಫೈಬ್ರಾಯ್ಡ್, ಜೊತೆಗೆ 2 ಸೆಂಟಿಮೀಟರಿನ ಸಬ್‌ಮ್ಯೂಕಸ್. ಮನೆಯವರ ಕಣ್ಣು ಐದೂವರೆಯ ಮೇಲೆ. ಆದರೆ 266 ಅಂಕ ಮಾಡಿದ್ದು ಬಹುಮಟ್ಟಿಗೆ ಆ ಎರಡು ಸೆಂಟಿಮೀಟರಿನದು. ಎಷ್ಟೋ ರಿಪೋರ್ಟಿನಲ್ಲಿ ಈ ಸಣ್ಣದು ಕಾಣೋದೇ ಇಲ್ಲ, ಯಾಕಂದರೆ ಹೊಟ್ಟೆಯ ಮೇಲಿಂದ ಮಾತ್ರ ನೋಡಿರುತ್ತಾರೆ, ಅದೂ ಒಳಪದರ ದಪ್ಪಗಿರುವ ದಿನಗಳಲ್ಲಿ. ಮುಟ್ಟು ಮುಗಿದ ಕೂಡಲೇ, ಪದರ ತೆಳ್ಳಗಿರುವಾಗ, ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಸ್ಪಷ್ಟ ಕಾಣುತ್ತದೆ. ಆಗಲೂ ಸಂಶಯ ಉಳಿದರೆ ಟೊಳ್ಳಿನೊಳಗೆ ತುಸು ಸಲೈನ್ ಬಿಟ್ಟು ನೋಡುತ್ತಾರೆ. "ಗಡ್ಡಿ ಒಳಪದರಕ್ಕ ಹತ್ತೈತೇನ್ರಿ, ಟೊಳ್ಳಿನೊಳಗ ಎಷ್ಟು ಬಂದೈತ್ರಿ?" ಅಂತ ಕೇಳೋದು ಪೇಷಂಟಿನ ಹಕ್ಕು.

ಅದಕ್ಕೂ ಮುಂಚೆ ರಕ್ತ ನೋಡಬೇಕು. 80 ಮಿಲಿಲೀಟರ್ ರಕ್ತದ ಜೊತೆ ಸುಮಾರು 40 ಮಿಲಿಗ್ರಾಂ ಕಬ್ಬಿಣಾಂಶ ಹೋಗುತ್ತದೆ. ಊಟದಿಂದ ದೇಹ ಹೀರಿಕೊಳ್ಳೋದು ದಿನಕ್ಕೆ ಒಂದೆರಡು ಮಿಲಿಗ್ರಾಂ, ಅದರಲ್ಲೂ ಒಂದು ನಿತ್ಯದ ಸವಕಳಿಗೇ ಖರ್ಚು. ಹಾಗಾಗಿ ಮೊದಲು ದಾಸ್ತಾನು ಬರಿದಾಗುತ್ತದೆ, ಆಮೇಲೆ ಹಿಮೋಗ್ಲೋಬಿನ್ ಇಳಿಯುತ್ತದೆ. ಹಿಮೋಗ್ಲೋಬಿನ್ 12 ಇದ್ದರೂ, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ದಾಸ್ತಾನು ಖಾಲಿ ಅಂತಲೇ ತಿಳಿಯಬೇಕು. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ಕೂದಲು ಉದುರೋದು ಎಲ್ಲರಿಗೂ ಗೊತ್ತು. ಹೇಳಿಕೊಳ್ಳದ ಲಕ್ಷಣ ಇನ್ನೊಂದಿದೆ: ಅಕ್ಕಿ ಆರಿಸುತ್ತ ಕೂತಾಗ ಹಸಿ ಅಕ್ಕಿ ಮುಕ್ಕೋದು, ಸೀಮೆಸುಣ್ಣ ಇಲ್ಲವೇ ಮಣ್ಣು ಬಾಯಿಗೆ ಹಾಕೋದು. ಬೈದರೆ ಅದು ಹೋಗೋದಿಲ್ಲ. ಕಬ್ಬಿಣಾಂಶ ತುಂಬಿದರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಕಬ್ಬಿಣದ ಗುಳಿಗೆ ಕೆಲಸ ಮಾಡಲಿಲ್ಲ ಅನ್ನೋರಲ್ಲಿ ಬಹಳ ಮಂದಿ ಅದನ್ನು ರೊಟ್ಟಿ ಊಟದ ಮೇಲೆ ಚಹಾದ ಜೊತೆಗೋ, ಹಾಲಿನ ಜೊತೆಗೋ, ಕ್ಯಾಲ್ಸಿಯಂ ಗುಳಿಗೆಯ ಜೊತೆಗೋ ನುಂಗಿರುತ್ತಾರೆ. ಅವುಗಳಿಂದ ಎರಡು ತಾಸು ದೂರ ಇಡಬೇಕು. ಹೊಟ್ಟೆಗೆ ಒಗ್ಗದವರು ದಿನ ಬಿಟ್ಟು ದಿನ ತಗೊಂಡರೂ ನಡೆಯುತ್ತದೆ. ಮಲ ಕಪ್ಪಾಗೋದು ಸಹಜ. ಮೂರ್ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಸುಮಾರು 2 ಏರಬೇಕು. ಏರದಿದ್ದರೆ ಗುಳಿಗೆ ಹೊಟ್ಟೆ ಸೇರುತ್ತಿಲ್ಲ, ಅಥವಾ ಬಂದದ್ದಕ್ಕಿಂತ ಹೆಚ್ಚು ಹೋಗುತ್ತಿದೆ. ಆಗ ಸಲೈನಿನಲ್ಲಿ ಕೊಡುವ ಕಬ್ಬಿಣ ಬೇಕಾಗುತ್ತದೆ. 12 ಮುಟ್ಟಿದ ಮೇಲೂ ಮೂರು ತಿಂಗಳು ಮುಂದುವರಿಸದಿದ್ದರೆ ದಾಸ್ತಾನು ತುಂಬೋದಿಲ್ಲ.

ರಕ್ತ ಕಡಿಮೆ ಮಾಡಲಿಕ್ಕೆ ಬರೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಗುಳಿಗೆಯನ್ನು ಸಾಮಾನ್ಯವಾಗಿ ಒಂದು ಗ್ರಾಂನಂತೆ ದಿನಕ್ಕೆ ಮೂರು ಸಲ, ಜೋರು ಇರುವ ನಾಲ್ಕು ದಿನ ಕೊಡುತ್ತಾರೆ. ಸ್ರಾವ ಅರ್ಧದ ಹತ್ತಿರಕ್ಕೆ ಇಳಿಯಬಹುದು, ಗಡ್ಡೆ ಮಾತ್ರ ಹಾಗೇ ಇರುತ್ತದೆ. "ನೋಡೋಣು" ಅಂತ ನಾಲ್ಕನೇ ದಿನ ಶುರು ಮಾಡಿದರೆ ಹೋಗಬೇಕಾದದ್ದು ಹೋಗಿಯೇ ಬಿಟ್ಟಿರುತ್ತದೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರು ಇದನ್ನು ಮುಟ್ಟಬಾರದು. ಹಬ್ಬಕ್ಕೆ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ತರುವ ನಾರ್‌ಎಥಿಸ್ಟರಾನ್ ಬೇರೆ ಜಾತಿ. ಅದನ್ನು ನಿಲ್ಲಿಸಿದ ಎರಡು ಮೂರು ದಿನಕ್ಕೆ ಸ್ರಾವ ಬಂದೇ ಬರುತ್ತದೆ, ಗಡ್ಡೆ ಇದ್ದವರಿಗೆ ಜೋರಾಗಿಯೇ ಬರಬಹುದು. ಗೊತ್ತಿಲ್ಲದವರು ಹೆದರಿ ಮತ್ತೆ ಶುರು ಮಾಡುತ್ತಾರೆ, ಸರಪಳಿ ಬೆಳೆಯುತ್ತದೆ. ಗರ್ಭಚೀಲದೊಳಗೆ ಇಡುವ, ಹಾರ್ಮೋನ್ ಇರುವ ಮಿರೆನಾ ಬಗೆಯ ಸಾಧನ ಹಲವರಿಗೆ ಒಳ್ಳೆಯದೇ, ಆದರೆ ನಮ್ಮ ಲೆಕ್ಕದ ಹೆಣ್ಣುಮಗಳಿಗಲ್ಲ. ಟೊಳ್ಳಿನ ಆಕಾರವನ್ನೇ ಗಡ್ಡೆ ಕೆಡಿಸಿದಾಗ ಅದು ಜಾರಿ ಹೊರಬರುವ ಸಂಭವ ಹೆಚ್ಚು.

ಆಕೆಗೆ ಹೊಂದುವುದು ಹಿಸ್ಟೆರೋಸ್ಕೋಪಿ. ಕೆಳಗಿನಿಂದ ದುರ್ಬೀನು ಹಾಕಿ ಆ ಎರಡು ಸೆಂಟಿಮೀಟರನ್ನು ಹೆರೆದು ತೆಗೆಯುತ್ತಾರೆ. ಹೊಟ್ಟೆ ಕೊಯ್ಯೋದಿಲ್ಲ, ಬಹಳ ಸಲ ಅದೇ ದಿನ ಇಲ್ಲವೇ ಮರುದಿನ ಮನೆ. ಗಡ್ಡೆಯ ಅರ್ಧಕ್ಕಿಂತ ಹೆಚ್ಚು ಭಾಗ ಗೋಡೆಯೊಳಗೆ ಹೂತಿದ್ದರೆ ಕೆಲಸ ಕಷ್ಟ, ಎರಡು ಸಲ ಮಾಡಬೇಕಾಗಬಹುದು. ಇದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಐದೂವರೆಯದು ಏನೂ ಒತ್ತುತ್ತಿಲ್ಲವಾದರೆ ಅಲ್ಲೇ ಇರಲಿ. ಮುಟ್ಟು ನಿಂತ ಮೇಲೆ ಗಡ್ಡೆಗಳು ಸಾಮಾನ್ಯವಾಗಿ ಕುಗ್ಗುತ್ತವೆ. ಮುಟ್ಟು ನಿಂತ ಮೇಲೂ ಬೆಳೆದರೆ ಮಾತ್ರ ತಡ ಮಾಡದೆ ತೋರಿಸಬೇಕು.

ಚೀಲ ತೆಗೆಸೋದು ತಪ್ಪು ಅಂತಲ್ಲ. ಗಡ್ಡೆ ಹಲವಾರು ಇದ್ದು, ಮಕ್ಕಳು ಸಾಕಾಗಿದ್ದು, ಉಳಿದದ್ದೆಲ್ಲ ಸೋತಾಗ ಅದು ಒಳ್ಳೆಯ ಆಪರೇಶನ್ನೇ. ನನಗೆ ಸಿಟ್ಟು ಬರೋದು ಮೂವತ್ತೈದರ ಹೆಣ್ಣುಮಗಳಿಗೆ ಒಂದೇ ಸ್ಕ್ಯಾನ್ ನೋಡಿ "ಇಟ್ಟು ಏನ ಮಾಡತಿ" ಅನ್ನುವವರ ಮೇಲೆ. ಒಪ್ಪಿಗೆ ಸಹಿ ಹಾಕೋ ಮುಂಚೆ "ಅಂಡಾಶಯ ಉಳಸ್ತೀರೇನ್ರಿ?" ಅಂತ ಕೇಳ್ರಿ. ಎರಡೂ ಅಂಡಾಶಯ ತೆಗೆದರೆ ಆ ವಾರದಿಂದಲೇ ಮುಟ್ಟು ನಿಂತ ದೇಹದ ಸ್ಥಿತಿ, ಮೈ ಝಳ, ನಿದ್ದೆಗೇಡು, ಮುಂದೆ ಮೂಳೆ ಸವೆತ. ಉಳಿಸಿದರೂ ಅವು ತುಸು ಬೇಗ ಸೋಲಬಹುದು ಅನ್ನೋದು ಗೊತ್ತಿರಲಿ.

ಪ್ಯಾಡ್ ತಾಸಿಗೊಂದು ತೊಯ್ದು ಎರಡು ಮೂರು ತಾಸು ಹಾಗೇ ನಡೆದರೆ, ನಿಂತಾಗ ಕಣ್ಣು ಕತ್ತಲಿಟ್ಟರೆ, ಲೆಕ್ಕದ ಚೀಟಿ ಪಕ್ಕಕ್ಕಿಟ್ಟು ರಾತ್ರಿಯಾದರೂ ಗಾಡಿ ಹತ್ತಬೇಕು. ರಕ್ತ ಕೊಡುವ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಗೇ ನೇರ ಹೋಗ್ರಿ.