ಕೇಳದೇ ಬರೆದ 'ಗಿಫ್ಟ್', ನನ್ನ ತಲೆಗೆ ಬಂದ ಬಾಡಿಗೆ

ಹನ್ನೊಂದು ದಿನ. ನಾನು ದುಡ್ಡು ಕೊಟ್ಟು ವಿದೇಶದಿಂದ ತರಿಸಿದ ಹೊಲಿಗೆ ಯಂತ್ರದ ಮೋಟಾರ್ ಹನ್ನೊಂದು ದಿನ ಕಸ್ಟಮ್ಸ್ ಗೋದಾಮಿನಲ್ಲಿ ಬಿದ್ದಿತ್ತು. ಟ್ರ್ಯಾಕಿಂಗ್ ಪುಟ ತೆರೆದರೆ ದಿನಾ ಅದೇ ಸಾಲು: Clearance delay. ಯಾಕೆ ತಡ? ಯಾರಿಂದ ತಡ? ನಾನೇನಾದರೂ ಮಾಡಬೇಕಾ? ಒಂದಕ್ಕೂ ಉತ್ತರ ಇಲ್ಲ. ಕೊನೆಗೆ ಪೆಟ್ಟಿಗೆ ಬಂತು. ಅದರ ಜೊತೆ ಗೋದಾಮಿನ ಬಾಡಿಗೆಯ ಬಿಲ್ಲೂ ಬಂತು. ಸುಂಕ ಕಟ್ಟೋದಕ್ಕೆ ನನಗೆ ತಕರಾರಿಲ್ಲ. ಆದರೆ ಬೇರೆಯವರು ಮಾಡಿದ ತಪ್ಪಿಗೆ ಬಾಡಿಗೆ ನಾನು ಯಾಕೆ ಕಟ್ಟಬೇಕು?

ಆರನೇ ದಿನ ತಡೆಯಲಾಗದೆ ನಾನೇ ಕೊರಿಯರ್‌ನವರಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಕಾದ ಮೇಲೆ ಒಬ್ಬರು ಸಿಕ್ಕಿದರು. "ಕಸ್ಟಮ್ಸ್‌ನವರು ಬೆಲೆ ಬಗ್ಗೆ ಪ್ರಶ್ನೆ ಕೇಳಿದ್ದಾರೆ, ನಿಮಗೆ ಎರಡನೇ ದಿನವೇ ಮೇಲ್ ಹಾಕಿದ್ದೀವಿ" ಅಂದರು. ಯಾವ ಮೇಲ್ ವಿಳಾಸಕ್ಕೆ ಅಂತ ಕೇಳಿದೆ. ಓದಿ ಹೇಳಿದರು. ಅದು ಮಾರಾಟಗಾರನ ವಿಳಾಸ! ಪಡೆಯುವವರ ಜಾಗದಲ್ಲಿ ಆತ ತನ್ನದೇ ಮೇಲ್ ಬರೆದುಕೊಂಡಿದ್ದಾನೆ. ನನ್ನ ಫೋನ್ ನಂಬರ್ ಇರಬೇಕಾದ ಜಾಗ ಖಾಲಿ. ಪೆಟ್ಟಿಗೆ ಮೇಲೆ ನನ್ನ ಹೆಸರು, ಮನೆ ವಿಳಾಸ ಎರಡೂ ಇದ್ದವು. ಒಂದು ಕಾಗದ ಹಾಕೋದಿರಲಿ, ನಂಬರ್ ಕಾಣ್ತಿಲ್ಲ ಅಂತ ಮಾರಾಟಗಾರನನ್ನು ಕೇಳುವಷ್ಟೂ ಯಾರಿಗೂ ಪುರುಸೊತ್ತಿರಲಿಲ್ಲ.

ಕೊರಿಯರ್‌ನವರು ಇನ್‌ವಾಯ್ಸ್‌ನ ಫೋಟೋ ಕಳಿಸಿದಾಗ ಮೈ ಉರಿದುಹೋಯಿತು. ಪೆಟ್ಟಿಗೆಯ ಹೊರಗೆ ಪ್ಲಾಸ್ಟಿಕ್ ಚೀಲದಲ್ಲಿ ಅಂಟಿಸುವ ಹಾಳೆ ಅದು. ಒಳಗಿನ ವಸ್ತುವಿನ ಬಗ್ಗೆ ಅದರಲ್ಲಿ ಇದ್ದಿದ್ದು ಮೂರೇ ಸಂಗತಿ. ಕಳಿಸುವ ಕಾರಣ: ಗಿಫ್ಟ್. ವಸ್ತು: ಯಂತ್ರದ ಬಿಡಿಭಾಗ. ಬೆಲೆ: ನಾನು 100 ಕೊಟ್ಟಿದ್ದೆ ಅಂತಿಟ್ಟುಕೊಂಡರೆ ಅಲ್ಲಿ ಬರೆದಿದ್ದು 15. ಮಾರಾಟಗಾರನನ್ನು ಕೇಳಿದರೆ, "ನಿಮಗೆ ಸುಂಕ ಉಳಿಯಲಿ ಅಂತ ಸಹಾಯ ಮಾಡಿದೆ" ಅಂದ. ನಾನು ಕೇಳಿದ್ನಾ? ಒಂದು ಮಾತು ನನ್ನನ್ನು ಕೇಳಿದ್ದರೆ ಬೇಡ ಅಂತಿದ್ದೆ.

ಈ "ಸಹಾಯ" ಏನು ಮಾಡುತ್ತದೆ ನೋಡಿ. ದುಡ್ಡು ಕೊಟ್ಟು ಕೊಂಡ ವಸ್ತು ಗಿಫ್ಟ್ ಆಗೋದೇ ಇಲ್ಲ. ಸುಂಕ ಹಾಕೋದು ಕೊಂಡವರು ನಿಜವಾಗಿ ಕೊಟ್ಟ ಬೆಲೆಯ ಮೇಲೆ. ಬರೆದ ಬೆಲೆ ಅನುಮಾನ ಹುಟ್ಟಿಸಿದರೆ ಪುರಾವೆ ಕೇಳುವ ಅಧಿಕಾರ ಕಸ್ಟಮ್ಸ್‌ಗೆ ಇದೆ. ಭಾರದ ಮೋಟಾರ್, ದುಬಾರಿ ಕೊರಿಯರ್, ಬೆಲೆ ಮಾತ್ರ 15. ಯಾರಿಗೇ ಆದರೂ ಅನುಮಾನ ಬರಲ್ವಾ? ಇನ್ನೊಂದು ವಿಷಯ ನನಗೆ ಆಮೇಲೆ ಹೊಳೆದು ಹೊಟ್ಟೆಯಲ್ಲಿ ಸಂಕಟವಾಯಿತು. ದಾರಿಯಲ್ಲಿ ಪೆಟ್ಟಿಗೆ ಕಳೆದುಹೋಗಿದ್ದರೆ ಪರಿಹಾರ ಕೇಳುವಾಗ ನನ್ನ ಕೈಯಲ್ಲಿ ಇರುತ್ತಿದ್ದ ಕಾಗದದಲ್ಲಿ ಬರೆದಿದ್ದು 15 ಮಾತ್ರ. ಮಿಕ್ಕ 85 ನನ್ನ ಪಾಲಿಗೆ ಹೋದ ಹಾಗೆಯೇ.

"ಯಂತ್ರದ ಬಿಡಿಭಾಗ" ಅನ್ನೋದೂ ಅಷ್ಟೇ ಕೆಟ್ಟದ್ದು. ಪ್ರತಿ ವಸ್ತುವಿಗೂ ಒಂದು ಎಚ್‌ಎಸ್ ಕೋಡ್ ಇರುತ್ತದೆ, ಅದು ಯಾವ ಬಗೆಯ ವಸ್ತು ಅಂತ ಕಸ್ಟಮ್ಸ್‌ಗೆ ಹೇಳುವ ಸಂಖ್ಯೆ. ಅದರ ಮೊದಲ 6 ಅಂಕಿ ಈ ಪದ್ಧತಿ ಒಪ್ಪಿದ ದೇಶಗಳಿಗೆಲ್ಲ ಒಂದೇ, ಮುಂದಿನವು ಆಯಾ ದೇಶದವು. ಸುಂಕದ ದರ ನಿಂತಿರೋದು ಈ ಕೋಡ್ ಮೇಲೆ. ಹೊಲಿಗೆ ಯಂತ್ರದ ಬಿಡಿಭಾಗಗಳು 8452ರಿಂದ ಶುರುವಾಗುವ ಕೋಡ್‌ಗಳ ಕೆಳಗೆ ಬರುತ್ತವೆ. ಹಾಗಂತ ಮೋಟಾರೂ ಅಲ್ಲೇ ಅಂದುಕೊಂಡರೆ ತಪ್ಪು. ಎಲೆಕ್ಟ್ರಿಕ್ ಮೋಟಾರಿಗೆ ತನ್ನದೇ ಶೀರ್ಷಿಕೆ ಇದೆ, 8501. ಹೊಲಿಗೆ ಯಂತ್ರಕ್ಕೆ ಹಾಕುವುದಾದರೂ ಅದು ಅಲ್ಲಿಗೇ ಹೋಗಬೇಕು. "ಹೊಲಿಗೆ ಯಂತ್ರದ ಎಲೆಕ್ಟ್ರಿಕ್ ಮೋಟಾರ್, ಒಂದು, ಹೊಸದು, ಇಷ್ಟು ವ್ಯಾಟ್" ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೀ "ಬಿಡಿಭಾಗ" ಅಂದರೆ ಪೆಟ್ಟಿಗೆ ಒಡೆದು ನೋಡದೆ ಅಧಿಕಾರಿಗೆ ಬೇರೆ ದಾರಿ ಇಲ್ಲ. ಒಡೆದರು, ನೋಡಿದರು, ಮತ್ತೆ ಟೇಪ್ ಸುತ್ತಿದರು. ಅದಕ್ಕೂ ದಿನ ಹಿಡಿಯಿತು.

ಏಳನೇ ದಿನ ಬೆಳಗ್ಗೆಯೇ ಎಲ್ಲ ಕಳಿಸಿದೆ. ಆರ್ಡರ್ ದೃಢವಾದ ಮೇಲ್, ಕಾರ್ಡಿನಿಂದ ದುಡ್ಡು ಹೋದ ಬ್ಯಾಂಕ್ ಸಾಲು, ಅದೇ ಮೋಟಾರಿನ ಬೆಲೆ ಕಾಣುವ ಪುಟದ ಚಿತ್ರ. ಮಾರಾಟಗಾರನಿಂದ ಸರಿಯಾದ ಬೆಲೆಯ ಹೊಸ ಇನ್‌ವಾಯ್ಸನ್ನೂ ಜಗಳ ಮಾಡಿ ಬರೆಸಿಕೊಂಡೆ. ಹನ್ನೊಂದನೇ ದಿನ ಬಿಡುಗಡೆ ಆಯಿತು.

ಆಮೇಲೆ ಲೆಕ್ಕ. ಸುಂಕ 10 ಪರ್ಸೆಂಟ್, ತೆರಿಗೆ 20 ಪರ್ಸೆಂಟ್ ಅಂತ ಮೊದಲೇ ನೋಡಿಕೊಂಡಿದ್ದೆ. 100ಕ್ಕೆ 30 ಎತ್ತಿಟ್ಟಿದ್ದೆ. ಬಂದದ್ದು 48. ಮೋಸ ಅಂತಲೇ ಅಂದುಕೊಂಡೆ. ಆದರೆ ಲೆಕ್ಕ ಬಿಡಿಸಿ ನೋಡಿದರೆ ಅಧಿಕಾರಿಗಳ ಕಡೆ ತಪ್ಪಿಲ್ಲ. ಮೋಟಾರ್ 100, ಸಾಗಣೆ 48, ವಿಮೆ 2, ಒಟ್ಟು 150. ಸುಂಕ ಬಿದ್ದಿದ್ದು ಈ 150ರ ಮೇಲೆ, ಅಂದರೆ 15. ತೆರಿಗೆ ಬಿದ್ದಿದ್ದು ಸುಂಕವೂ ಸೇರಿದ 165ರ ಮೇಲೆ, ಅಂದರೆ 33. ಸಾಗಣೆ, ವಿಮೆ ಸೇರಿಸಬೇಕೋ ಬೇಡವೋ ಅನ್ನೋದು ಆಯಾ ದೇಶಕ್ಕೆ ಬಿಟ್ಟದ್ದು. ಯುರೋಪಿನ ಒಕ್ಕೂಟ ಸೇರಿಸುತ್ತದೆ, ಅಮೆರಿಕ ಸೇರಿಸುವುದಿಲ್ಲ. ನಮ್ಮಂಥವರಿಗೆ ಇದನ್ನು ಕೊಳ್ಳುವ ಮುಂಚೆ ಯಾರಾದರೂ ಹೇಳ್ತಾರಾ? ಅಂಗಡಿಯ ಪುಟದ ಕೆಳಗೆ ಸಣ್ಣಕ್ಷರದಲ್ಲಿ "ಆಮದು ಶುಲ್ಕ ಖರೀದಿದಾರರದ್ದು" ಅಂತ ಒಂದು ಸಾಲು. ಮುಗೀತು.

ಆ 48 ಕಟ್ಟಿದೆ, ಮರುಮಾತಿಲ್ಲದೆ. ನನ್ನ ಸಿಟ್ಟು ಅದರ ಕೆಳಗಿನ ಎರಡು ಸಾಲುಗಳ ಮೇಲೆ. ಒಂದು, ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ. ನನ್ನ ಪರವಾಗಿ ಕಾಗದ ಸಲ್ಲಿಸಿ, ಸುಂಕವನ್ನು ಮೊದಲು ತಾವೇ ಕಟ್ಟಿದ್ದಕ್ಕಂತೆ. ಇದು ಸರ್ಕಾರದ ದುಡ್ಡಲ್ಲ, ಅವರ ಸ್ವಂತ ಶುಲ್ಕ. ಸುಂಕದ ರಸೀದಿಯ ನಡುವೆಯೇ ಸೇರಿಸಿಟ್ಟರೆ ಜನ ಎಲ್ಲವನ್ನೂ ಕಸ್ಟಮ್ಸ್ ಅಂತಲೇ ತಿಳಿಯುತ್ತಾರೆ. ಇನ್ನೊಂದು, ಗೋದಾಮಿನ ಬಾಡಿಗೆ. ಮೊದಲ 3 ದಿನ ಉಚಿತ, ಮಿಕ್ಕ 8 ದಿನಕ್ಕೆ ಲೆಕ್ಕ. ಆರನೇ ದಿನದವರೆಗೆ ಪೆಟ್ಟಿಗೆ ನಿಂತಿದೆ ಅನ್ನೋದಕ್ಕೆ ಕಾರಣವೇ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮರುದಿನವೇ ಕಾಗದ ಕೊಟ್ಟಿದ್ದೀನಿ. ಇನ್ನೆಷ್ಟು ಬೇಗ ಕೊಡಬೇಕಿತ್ತು?

"ಬೇಡವಾದರೆ ವಾಪಸ್ ಕಳಿಸಿ" ಅಂತ ಫೋನಿನಲ್ಲಿ ಸಲೀಸಾಗಿ ಹೇಳಿದರು. ವಾಪಸ್ ಕಳಿಸಿದರೆ ಹೋಗುವ ಸಾಗಣೆಯೂ ನನ್ನ ತಲೆಗೆ, ಬಂದ ಸಾಗಣೆಯ 48 ಯಾರೂ ಹಿಂದಿರುಗಿಸಲ್ಲ, ಅಷ್ಟು ದಿನದ ಬಾಡಿಗೆ ಹಾಗೇ ನಿಲ್ಲುತ್ತದೆ. ಅದಕ್ಕೇ ಜನ ಹಲ್ಲು ಕಚ್ಚಿಕೊಂಡು ಕಟ್ಟುತ್ತಾರೆ. ನಾನೂ ಕಟ್ಟಿದೆ, ಆದರೆ "ಆಕ್ಷೇಪಣೆಯೊಂದಿಗೆ ಪಾವತಿ" ಅಂತ ರಸೀದಿ ಮೇಲೆ ಬರೆದೇ ಕಟ್ಟಿದೆ.

ಈಗ ಬಾಡಿಗೆ ವಾಪಸ್ ಕೇಳಿ ಲಿಖಿತ ದೂರು ಕೊಟ್ಟಿದ್ದೀನಿ. ಟ್ರ್ಯಾಕಿಂಗ್ ಪುಟದ ಪ್ರತಿದಿನದ ಚಿತ್ರ, ಮಾರಾಟಗಾರನ ಮೇಲ್ ವಿಳಾಸ ಕಾಣುವ ಇನ್‌ವಾಯ್ಸ್, ನಾನು ಫೋನ್ ಮಾಡಿದ ಸಮಯ, ಎಲ್ಲ ಲಗತ್ತಿಸಿದ್ದೀನಿ. ಎರಡು ವಾರ ಆಯಿತು. "ಪರಿಶೀಲನೆಯಲ್ಲಿದೆ" ಅಂತ ಒಂದು ಉತ್ತರ ಬಂದಿದೆ. ಈ ಸಲ ಮಾತ್ರ ಸರಿಯಾಗಿ ನನ್ನ ಮೇಲ್‌ಗೇ ಬಂದಿದೆ.