ಹನ್ನೊಂದು ಶೀಟು ಮಾಡಿ ಸೋತೆ, ಒಂದು ಶೀಟು ಮಾರಾಟವಾಯ್ತು

ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಹದಿಮೂರು ವರ್ಷ ಲೆಕ್ಕ ಬರೆದವನು ನಾನು. ಈಗ ಬೇರೆ ಕಡೆ ಇದ್ದೇನೆ. "ನಿಂಗೆ ಎಕ್ಸೆಲ್ ಚೆನ್ನಾಗಿ ಬರುತ್ತೆ, ಟೆಂಪ್ಲೇಟ್ ಮಾಡಿ ಆನ್‌ಲೈನ್‌ನಲ್ಲಿ ಮಾರು" ಅಂತ ಭಾವ ಹೇಳಿದ್ದಕ್ಕೆ ಹುಮ್ಮಸ್ಸಿನಲ್ಲಿ ಹನ್ನೊಂದು ಶೀಟಿನ ಫೈಲ್ ಮಾಡಿದೆ. ಖರೀದಿ, ಹಮಾಲಿ, ದಲಾಲಿ, ಲಾರಿ ಬಾಡಿಗೆ, ಬಾಕಿ, ಎಲ್ಲಾ ಇತ್ತು. ಮೂರು ತಿಂಗಳಲ್ಲಿ ನಾಲ್ಕು ಜನ ತೆಗೆದುಕೊಂಡರು, ಅದರಲ್ಲಿ ಇಬ್ಬರು ನೆಂಟರು.

ಯಾಕೆ ಅಂತ ಆಮೇಲೆ ಗೊತ್ತಾಯ್ತು. ಬಾಕಿ, ಬಾಡಿಗೆ ಲೆಕ್ಕ ಎಲ್ಲರಿಗೂ ಬರುತ್ತೆ, ಅದಕ್ಕೆ ಪುಸ್ತಕ ಇದೆ, ಟ್ಯಾಲಿ ಇದೆ. ಜನ ತಪ್ಪುತ್ತಿದ್ದದ್ದು ಒಂದೇ ಕಡೆ, ತೇವದ ಲೆಕ್ಕದಲ್ಲಿ. ಹಸಿ ಜೋಳ ಕೊಂಡು ಕಣದಲ್ಲಿ ಒಣಗಿಸಿ ಕಂಪನಿಗೆ ಕಳಿಸುವ ವ್ಯಾಪಾರಿ "ತೇವ ಒಂದು ಪರ್ಸೆಂಟ್ ಇಳಿದರೆ ಕ್ವಿಂಟಲ್‌ಗೆ ಒಂದು ಕೆ.ಜಿ. ಹೋಗುತ್ತೆ" ಅಂತ ಬಾಯಿಲೆಕ್ಕ ಹಾಕುತ್ತಾನೆ. 18 ಪರ್ಸೆಂಟ್ ತೇವದ 250 ಕ್ವಿಂಟಲ್ ಮಾಲು 14ಕ್ಕೆ ಒಣಗಿದರೆ 240 ಉಳಿಯುತ್ತೆ ಅಂತ ಅವನ ಎಣಿಕೆ. ನಿಜವಾಗಿ ಉಳಿಯುವುದು 238.37. ನೀರು ಹೋದರೂ ಕಾಳಿನ ಒಣ ಭಾಗ ಅಷ್ಟೇ ಇರುತ್ತೆ, ಅಲ್ವಾ? 250ರಲ್ಲಿ 82 ಪರ್ಸೆಂಟ್, ಅಂದರೆ 205 ಕ್ವಿಂಟಲ್ ಒಣ ಭಾಗ. ಒಣಗಿದ ಮೇಲೆ ಅದೇ 205 ಹೊಸ ತೂಕದ 86 ಪರ್ಸೆಂಟ್ ಆಗಬೇಕು. ಹಾಗಾಗಿ 205ನ್ನು 0.86ರಿಂದ ಭಾಗಿಸಬೇಕು. ವ್ಯತ್ಯಾಸ 163 ಕೆ.ಜಿ. ಕ್ವಿಂಟಲ್‌ಗೆ 2,000 ಅಂದುಕೊಂಡರೂ ಒಂದು ಲೋಡಿಗೆ 3,250 ರೂಪಾಯಿ ಹತ್ತಿರ, ಮಾಲು ಇನ್ನೂ ಹಸಿ ಇದ್ದು ತೇವ 22 ಇದ್ದರೆ ಇದರ ಎರಡರಷ್ಟು. ಕಂಪನಿಯಲ್ಲಿ ತೂಕ ಕಮ್ಮಿ ಬಂದಾಗ ನಮ್ಮವರು ಬೈಯುವುದು ಮಾತ್ರ ಲಾರಿ ಡ್ರೈವರ್‌ನ!

ಹನ್ನೊಂದು ಶೀಟು ಕಿತ್ತುಹಾಕಿ ಇದೊಂದನ್ನೇ ಇಟ್ಟೆ. B2ದಲ್ಲಿ ಹಸಿ ತೂಕ, C2ದಲ್ಲಿ ಮೀಟರ್ ತೋರಿಸಿದ ತೇವ, F1ನಲ್ಲಿ ಕಂಪನಿ ಕೇಳುವ ತೇವ:

```
=IF(C2>$F$1,ROUND(B2*(100-C2)/(100-$F$1),2),B2)
```

ಧೂಳು, ಕಸ, ಚೀಲ ಹರಿದು ಚೆಲ್ಲಿದ್ದು ಇದರಲ್ಲಿ ಬರಲ್ಲ, ಅದಕ್ಕೆ ಬೇರೆ ಕಾಲಂ ಕೊಟ್ಟಿದ್ದೇನೆ. ಬೆಲೆ 149 ರೂಪಾಯಿ, ಯುಪಿಐನಲ್ಲಿ ಹಾಕಿದರೆ ವಾಟ್ಸಾಪ್‌ನಲ್ಲಿ ಫೈಲ್ ಕಳಿಸುತ್ತೇನೆ. ಒಂದು ಸೀಸನ್‌ಗೆ ಅರವತ್ತು ಚಿಲ್ಲರೆ ಹೋಯ್ತು. ಶ್ರೀಮಂತ ಆಗಿಲ್ಲ ಬಿಡಿ.

ಸೂತ್ರ ಬರೆಯೋಕೆ ಹತ್ತು ನಿಮಿಷ. ಬೇರೆಯವರ ಕಂಪ್ಯೂಟರ್‌ನಲ್ಲಿ ಅದು ನೆಟ್ಟಗೆ ಓಡುವ ಹಾಗೆ ಮಾಡೋಕೆ ಎರಡು ತಿಂಗಳು. ಮೊದಲ ಸಲ ಹೆಡಿಂಗ್‌ಗಳನ್ನು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೆ, ಆ ಫಾಂಟ್ ಇಲ್ಲದವರಿಗೆ ಬರೀ ವಿಚಿತ್ರ ಇಂಗ್ಲಿಷ್ ಅಕ್ಷರ ಕಾಣಿಸಿತು. ಜಗಳೂರಿನವರೊಬ್ಬರು "ಏನ್ರೀ, ವೈರಸ್ ಕಳಿಸಿದ್ರಾ?" ಅಂದರು. ಎಲ್ಲಾ ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿದೆ. ಪಾರ್ಟಿ ಹೆಸರು ಹುಡುಕೋಕೆ XLOOKUP ಹಾಕಿದ್ದೆ, ಎಕ್ಸೆಲ್ 2016 ಇಟ್ಟುಕೊಂಡವರಿಗೆ ಅಲ್ಲಿ #NAME? ಬಂತು. ನಮ್ಮ ಕಡೆ ಅಂಗಡಿ ಕಂಪ್ಯೂಟರ್‌ಗಳು ಹಳೇವೇ ಜಾಸ್ತಿ, ಅದಕ್ಕೇ ಈಗ INDEX, MATCH ಮಾತ್ರ. ಮತ್ತೆ ಕೆಲವರು ಸೂತ್ರ ಇರುವ ಸೆಲ್ ಮೇಲೇ ನಂಬರ್ ಹೊಡೆದುಬಿಡುತ್ತಾರೆ. ತುಂಬಬೇಕಾದ ಸೆಲ್‌ಗಳ Locked ಗುರುತು ತೆಗೆದು Protect Sheet ಹಾಕಿದರೆ ಅದು ನಿಲ್ಲುತ್ತೆ. ಆದರೆ ಅದು ಕಳ್ಳತನ ತಡೆಯುವ ಬೀಗ ಅಲ್ಲ, ಸುಲಭವಾಗಿ ಬಿಚ್ಚಬಹುದು. ನನ್ನ ಫೈಲ್ ಒಂದು ಗ್ರೂಪ್‌ನಲ್ಲಿ ಫಾರ್ವರ್ಡ್ ಆಗಿ ನನಗೇ ವಾಪಸ್ ಬಂದಿದೆ!

ನಾಚಿಕೆಯ ವಿಷಯ ಒಂದಿದೆ. ಮೊದಲ ಫೈಲನ್ನು ಮಂಡಿಯಲ್ಲಿ ಬಳಸುತ್ತಿದ್ದ ಶೀಟಿನಿಂದಲೇ ಕಾಪಿ ಮಾಡಿದ್ದೆ. ಒಂದು ಶೀಟು ಹೈಡ್ ಆಗಿತ್ತು, ಅದರಲ್ಲಿ ನಿಜವಾದ ರೈತರ ಹೆಸರು, ಬಾಕಿ ಎಲ್ಲಾ ಇತ್ತು. ಕೊಂಡವರಲ್ಲಿ ಒಬ್ಬರು ಫೋನ್ ಮಾಡಿ ಹೇಳಿದಾಗ ಕೈಕಾಲು ತಣ್ಣಗಾಯ್ತು. ನಾಲ್ವರಿಗೂ ಹೇಳಿ ಅಳಿಸಿಸಿದೆ. ಈಗ ಖಾಲಿ ಫೈಲ್‌ನಿಂದಲೇ ಶುರು ಮಾಡುತ್ತೇನೆ, ಕಳಿಸುವ ಮುಂಚೆ Inspect Document ಓಡಿಸುತ್ತೇನೆ. ಕಾನೂನೂ ಇದೆ: 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ನೌಕರಿಯ ಭಾಗವಾಗಿ ಮಾಡಿದ ಕೆಲಸದ ಮೊದಲ ಹಕ್ಕು ಮಾಲೀಕನದು. ಕಲಿತ ವಿದ್ಯೆ ನಮ್ಮದು, ಅಂಗಡಿಗೆ ಮಾಡಿಕೊಟ್ಟ ಶೀಟು ನಮ್ಮದಲ್ಲ.

ಮೊನ್ನೆ ಚನ್ನಗಿರಿಯಿಂದ ಒಬ್ಬರು "ಅಡಿಕೆಗೂ ಹಿಂಗೇ ಒಂದು ಮಾಡಿಕೊಡಿ ಸಾರ್, ಐನೂರು ಕೊಡ್ತೀನಿ" ಅಂದರು. ರಾಶಿ, ಬೆಟ್ಟೆ, ಗೊರಬಲು ಅನ್ನೋ ಹೆಸರು ಕೇಳಿದ್ದೇನೆ ಅಷ್ಟೇ. ಅಲ್ಲಿ ಲೆಕ್ಕ ಎಲ್ಲಿ ತಪ್ಪುತ್ತೆ ಅನ್ನೋದು ಅಡಿಕೆ ಮಂಡಿಯಲ್ಲಿ ಕೂತವರಿಗೆ ಮಾತ್ರ ಗೊತ್ತು. ಅಂಥವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ, ಆ ಚನ್ನಗಿರಿಯವರ ನಂಬರ್ ಕೊಡುತ್ತೇನೆ.