ಹಂಚಿಕೆ ಫೋಲ್ಡರ್‌ನಿಂದ ಅಳಿಸಿದ ಕಡತ: ಒಂದು ಸ್ಪಷ್ಟನೆ

"ನೆಟ್‌ವರ್ಕ್ ಡ್ರೈವ್‌ನಲ್ಲಿ ರಿಸೈಕಲ್ ಬಿನ್ ಇಲ್ಲ. ಅಲ್ಲಿ ಅಳಿಸಿದ್ದು ಶಾಶ್ವತವಾಗಿ ಹೋದಂತೆ."

ಇದು ಪೂರ್ತಿ ನಿಜವಲ್ಲ. ಸರ್ವರ್‌ನಲ್ಲಿ ಸ್ನ್ಯಾಪ್‌ಶಾಟ್, ಅಂದರೆ ಆಯಾ ಹೊತ್ತಿನ ಕಡತಗಳ ಸ್ಥಿತಿಯನ್ನು ಹಾಗೆಯೇ ಉಳಿಸಿಡುವ ವ್ಯವಸ್ಥೆ, ಮೊದಲೇ ಚಾಲನೆಯಲ್ಲಿದ್ದರೆ ಕಡತ ಮರಳಿ ಸಿಗುತ್ತದೆ. ಚಿಕ್ಕಮಗಳೂರಿನ ಕಾಫಿ ವ್ಯಾಪಾರದ ಕಚೇರಿಯೊಂದರಲ್ಲಿ ಬೆಳಿಗ್ಗೆ 11.20ಕ್ಕೆ ಖರೀದಿ ಲೆಕ್ಕದ ಫೋಲ್ಡರ್ ಅಳಿಸಿಹೋಯಿತು ಎನ್ನೋಣ. ಗಂಟೆಗೊಮ್ಮೆ ಸ್ನ್ಯಾಪ್‌ಶಾಟ್ ಆಗುತ್ತಿದ್ದರೆ 11 ಗಂಟೆಯ ಸ್ಥಿತಿ ಉಳಿದಿರುತ್ತದೆ; ನಂತರದ 20 ನಿಮಿಷದ ಕೆಲಸ ಮಾತ್ರ ಸಿಗುವುದಿಲ್ಲ.

ಅಳಿಸಿದ ಫೋಲ್ಡರ್ ಈಗ ಕಾಣುವುದಿಲ್ಲವಾದ್ದರಿಂದ ಅದು ಇದ್ದ ಮೇಲಿನ ಫೋಲ್ಡರ್‌ನ ಮೇಲೆ ಬಲ ಕ್ಲಿಕ್ ಮಾಡಿ Properties, ಅಲ್ಲಿ Previous Versions ತೆರೆಯಿರಿ. 11 ಗಂಟೆಯದನ್ನು ಆರಿಸಿ Open ಒತ್ತಿ, ಬೇಕಾದುದನ್ನಷ್ಟೇ ನಕಲು ಮಾಡಿ ಹಳೆಯ ಜಾಗಕ್ಕೆ ಅಂಟಿಸಿ. ದಯವಿಟ್ಟು Restore ಒತ್ತಬೇಡಿ. ಉಳಿದ ಸಹೋದ್ಯೋಗಿಗಳು ಆ ಬಳಿಕ ತಿದ್ದಿದ ಕಡತಗಳ ಮೇಲೂ ಹಳೆಯ ಪ್ರತಿ ಬಂದು ಕೂರುತ್ತದೆ. ನಾನು ಕಂಡ ಹೆಚ್ಚಿನ ನಷ್ಟ ಅಳಿಸಿದ್ದರಿಂದಲ್ಲ, ಈ ಆತುರದಿಂದ.

ಪಟ್ಟಿ ಖಾಲಿ ಕಂಡರೆ ಸರ್ವರ್ ನೋಡಿಕೊಳ್ಳುವವರಿಗೆ ಕೂಡಲೇ ತಿಳಿಸಿ. ಸ್ನ್ಯಾಪ್‌ಶಾಟ್ ಇದ್ದೂ ಬಳಕೆದಾರರಿಗೆ ತೋರದಂತೆ ಹೊಂದಿಸಿರಬಹುದು. ಹಳೆಯ ಸ್ನ್ಯಾಪ್‌ಶಾಟ್‌ಗಳು ಅವಧಿ ಮುಗಿದಂತೆ ತಾವಾಗಿಯೇ ಅಳಿಯುತ್ತವೆ. ಅವು ಅದೇ ಡಿಸ್ಕ್‌ಗಳಲ್ಲಿದ್ದರೆ, ಡಿಸ್ಕ್ ಕೆಟ್ಟಾಗ ಅವೂ ಹೋಗುತ್ತವೆ.